55ರ ಮೇಲೆ ಕೆಲಸ ಬಿಟ್ಟವರು 401(ಕೆ) ಹಣ ಮುಟ್ಟುವ ಮುನ್ನ

ಪ್ರತಿವರ್ಷ ಟ್ಯಾಕ್ಸ್ ಸಮಯದಲ್ಲಿ ನಮ್ಮ ಮುಂದೆ ಬರುವ ಕಾಗದಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತೆ. ಅಮೆರಿಕದಲ್ಲಿ ಐವತ್ತೈದು ದಾಟಿದ ಮೇಲೆ ಕೆಲಸ ಬಿಟ್ಟವರು, ಇಲ್ಲವೇ ಲೇಆಫ್ ಆದವರು, ಮೊದಲು ಮಾಡೋ ಕೆಲಸ ಅಂದ್ರೆ 401(ಕೆ) ಹಣವನ್ನೆಲ್ಲ ಐಆರ್‌ಎಗೆ ರೋಲ್‌ಓವರ್ ಮಾಡೋದು. ಎಲ್ಲರೂ ಹಾಗೇ ಮಾಡ್ತಾರೆ ಅಂತ ಮಾಡಿರ್ತಾರೆ. ಸೋಷಿಯಲ್ ಸೆಕ್ಯೂರಿಟಿ ಬರೋವರೆಗೆ ಇದೇ ಹಣದಲ್ಲಿ ಜೀವನ ಮಾಡಬೇಕಾದವರಿಗೆ ಅದು ನಷ್ಟದ ಹೆಜ್ಜೆ.

ಕಾರಣ ಹೀಗಿದೆ. 59½ ವಯಸ್ಸಿಗೆ ಮುಂಚೆ ನಿವೃತ್ತಿ ಖಾತೆಯಿಂದ ಹಣ ತೆಗೆದರೆ ಆದಾಯ ತೆರಿಗೆಯ ಜೊತೆಗೆ ಶೇಕಡ 10 ದಂಡ ಬೀಳುತ್ತೆ. ಆದರೆ 55 ತುಂಬುವ ಕ್ಯಾಲೆಂಡರ್ ವರ್ಷದಲ್ಲಿ ಅಥವಾ ಆಮೇಲೆ ಕೆಲಸ ಬಿಟ್ಟವರಿಗೆ, ಬಿಟ್ಟ ಆ ಕಂಪನಿಯ 401(ಕೆ)ನಿಂದ ತೆಗೆದ ಹಣಕ್ಕೆ ಈ ದಂಡ ಇಲ್ಲ. ತೆರಿಗೆ ಮಾತ್ರ ಕಟ್ಟಬೇಕು. ಈ ವಿನಾಯಿತಿ ಐಆರ್‌ಎಗೆ ಸಿಗೋದಿಲ್ಲ. ಹಣ ಅಲ್ಲಿಗೆ ಹೋದ ದಿನವೇ ವಿನಾಯಿತಿಯೂ ಹೋಯಿತು.

ನಾವು ನೋಡಿದ ಒಂದು ಲೆಕ್ಕ ಹೇಳ್ತೀವಿ. 56½ ವಯಸ್ಸಿನಲ್ಲಿ ಕೆಲಸ ಹೋದ ಒಬ್ಬರು 3,60,000 ಡಾಲರ್ ಅನ್ನು ಐಆರ್‌ಎಗೆ ಹಾಕಿದರು. ಮನೆಖರ್ಚಿಗೆ ವರ್ಷಕ್ಕೆ 36,000 ಬೇಕಿತ್ತು. ಮರುವರ್ಷ ಬಂದ 1099-ಆರ್ ಫಾರಂನ ಏಳನೇ ಬಾಕ್ಸ್‌ನಲ್ಲಿ ಕೋಡ್ 1 ಇತ್ತು; ಅಂದ್ರೆ ವಿನಾಯಿತಿ ಗೊತ್ತಿಲ್ಲದ ಮುಂಚಿನ ಹಿಂತೆಗೆತ. ದಂಡ 3,600 ಡಾಲರ್. ಹೀಗೇ ಮೂರು ವರ್ಷ ನಡೆದರೆ 10,800. ಹಣವನ್ನು ಹಳೆ ಪ್ಲಾನ್‌ನಲ್ಲೇ ಬಿಟ್ಟು ಅಲ್ಲಿಂದಲೇ ತೆಗೆದಿದ್ದರೆ ಅದೇ ಬಾಕ್ಸ್‌ನಲ್ಲಿ ಕೋಡ್ 2 ಬರ್ತಿತ್ತು, ದಂಡ ಸೊನ್ನೆ. ಪ್ಲಾನ್‌ನವರೇ ತಪ್ಪಾಗಿ ಕೋಡ್ 1 ಹಾಕಿದ್ದರೆ ಹೆದರಬೇಕಿಲ್ಲ. ರಿಟರ್ನ್ ಜೊತೆ ಫಾರಂ 5329 ತುಂಬಿ ವಿನಾಯಿತಿ 01 ಅಂತ ತೋರಿಸಬಹುದು.

ಐಆರ್‌ಎಗೆ ಹೋದ ಹಣಕ್ಕೂ ಒಂದು ದಾರಿ ಇದೆ. ಅದನ್ನು 72(ಟಿ) ಅಂತಾರೆ. ಸೂತ್ರದ ಪ್ರಕಾರ ಗೊತ್ತುಮಾಡಿದ ಮೊತ್ತವನ್ನು ಪ್ರತಿವರ್ಷ ತೆಗೀತಾ ಹೋಗಬೇಕು, ಕನಿಷ್ಠ ಐದು ವರ್ಷ ಅಥವಾ 59½ ತುಂಬುವವರೆಗೆ, ಎರಡರಲ್ಲಿ ಯಾವುದು ಹೆಚ್ಚೋ ಅಷ್ಟು ಕಾಲ. ಮೇಲಿನವರಿಗೆ ಅದು 61½ರವರೆಗೆ ಕಟ್ಟಿಹಾಕುತ್ತೆ. ನಡುವೆ ಮಗಳ ಮದುವೆಗೆ ಅಂತ ಹೆಚ್ಚು ತೆಗೆದರೆ, ಹಿಂದೆ ಉಳಿಸಿದ ದಂಡವನ್ನೆಲ್ಲ ಬಡ್ಡಿ ಸಮೇತ ಕಟ್ಟಬೇಕು.

ಹಾಗಾಗಿ ರಾಜೀನಾಮೆ ಕೊಡೋ ಮುಂಚೆ ಮೂರು ವಿಷಯ ನೋಡ್ಕೊಳ್ಳಿ. ಮೊದಲನೆಯದು, ತಾರೀಖು. ನವೆಂಬರ್‌ನಲ್ಲಿ 55 ತುಂಬೋರು ಅದೇ ವರ್ಷದ ಜನವರಿಯಲ್ಲಿ ಬಿಟ್ಟರೂ ನಡೆಯುತ್ತೆ. ಮುಂದಿನ ಜನವರಿಯಲ್ಲಿ 55 ತುಂಬೋರು ಈ ಡಿಸೆಂಬರ್‌ನಲ್ಲಿ ಬಿಟ್ಟರೆ ನಡೆಯೋದಿಲ್ಲ, ಆಮೇಲೆ ಕಾದರೂ ಪ್ರಯೋಜನ ಇಲ್ಲ. ಎರಡನೆಯದು, ಹಿಂದಿನ ಕಂಪನಿಗಳಲ್ಲಿ ಉಳಿದ ಹಳೆ 401(ಕೆ)ಗಳು. 55ಕ್ಕೆ ಮುಂಚೆ ಬಿಟ್ಟ ಕಂಪನಿಯ ಹಣಕ್ಕೆ ಈ ವಿನಾಯಿತಿ ಇಲ್ಲ. ಈಗಿನ ಪ್ಲಾನ್ ಒಪ್ಪಿದರೆ, ಕೆಲಸದಲ್ಲಿ ಇರುವಾಗಲೇ ಅವನ್ನು ಇದಕ್ಕೆ ತಂದು ಸೇರಿಸಿ. ಮೂರನೆಯದು, ಕೆಲಸ ಬಿಟ್ಟವರಿಗೆ ಸ್ವಲ್ಪ ಸ್ವಲ್ಪವಾಗಿ ತೆಗೆಯಲು ಪ್ಲಾನ್ ಬಿಡುತ್ತಾ ಅಂತ ಎಚ್ಆರ್‌ನಲ್ಲಿ ಬರಹದಲ್ಲಿ ಕೇಳಿ. ಕೆಲವು ಪ್ಲಾನ್‌ಗಳು ಒಟ್ಟಿಗೇ ಪೂರ್ತಿ ಕೊಡ್ತವೆ. ಹಾಗಾದರೆ ಬೇಕಾಗುವಷ್ಟನ್ನು ಮಾತ್ರ ಇಟ್ಕೊಂಡು ಉಳಿದದ್ದನ್ನು ಐಆರ್‌ಎಗೆ ಕಳಿಸೋದು ಒಂದೇ ದಾರಿ. ಕೈಗೆ ಬರೋ ಹಣದಲ್ಲಿ ಶೇಕಡ 20 ತೆರಿಗೆಗೆ ಮೊದಲೇ ಹಿಡಿದಿರ್ತಾರೆ ಅನ್ನೋದೂ ನೆನಪಿರಲಿ.

59½ ದಾಟಿದ ಮೇಲೆ ದಂಡದ ಮಾತಿಲ್ಲ. ಮುಂದಿನ ಪ್ರಶ್ನೆ, ಸೋಷಿಯಲ್ ಸೆಕ್ಯೂರಿಟಿ ಯಾವಾಗ ತಗೊಳ್ಳೋದು? ಸುಮಾರು ಹತ್ತು ವರ್ಷದ ದುಡಿಮೆಯ 40 ಕ್ರೆಡಿಟ್ ಇದ್ದವರು 62ಕ್ಕೇ ಶುರು ಮಾಡಬಹುದು. ಆದರೆ 1960 ಅಥವಾ ಆಮೇಲೆ ಹುಟ್ಟಿದವರಿಗೆ ಪೂರ್ತಿ ಮೊತ್ತ 67ಕ್ಕೆ. 62ಕ್ಕೆ ತಗೊಂಡರೆ ಶೇಕಡ 30 ಜೀವನಪೂರ್ತಿ ಕಡಿತ. 67ಕ್ಕೆ ತಿಂಗಳಿಗೆ 2,000 ಬರಬೇಕಾದವರಿಗೆ 62ಕ್ಕೆ 1,400. ಮೊದಲ ಐದು ವರ್ಷದಲ್ಲಿ 84,000 ಕೈಗೆ ಬರುತ್ತೆ, ನಿಜ. ಆಮೇಲೆ ತಿಂಗಳಿಗೆ 600 ಕಡಿಮೆ. ಬೆಲೆಯೇರಿಕೆ, ತೆರಿಗೆ, ಬಡ್ಡಿ ಬಿಟ್ಟು ಲೆಕ್ಕ ಹಾಕಿದರೆ 140 ತಿಂಗಳಿಗೆ ಎರಡೂ ಸಮ. ಅಂದ್ರೆ ಸುಮಾರು 78 ವರ್ಷ 8 ತಿಂಗಳಿಗೆ. ಅದಕ್ಕಿಂತ ಹೆಚ್ಚು ಬಾಳುವವರಿಗೆ ಕಾದಿದ್ದೇ ಲಾಭ. ಕಾಯಬೇಕಾದರೆ ಆ ಐದು ವರ್ಷಕ್ಕೆ 401(ಕೆ)ನಲ್ಲಿ 1,20,000 ಡಾಲರ್ ಎತ್ತಿಟ್ಟಿರಬೇಕು.

65ಕ್ಕೆ ಮೆಡಿಕೇರ್ ಬರೋವರೆಗೆ ಹೆಲ್ತ್ ಇನ್ಶೂರೆನ್ಸ್ ಖರ್ಚು ಬೇರೆ. ಅದರ ಸಬ್ಸಿಡಿ ಆದಾಯದ ಮೇಲೆ ನಿಂತಿದೆ, 401(ಕೆ)ನಿಂದ ತೆಗೆದದ್ದೂ ಆದಾಯವೇ. ಹಾಗಾಗಿ ಒಂದೇ ವರ್ಷ ದೊಡ್ಡ ಮೊತ್ತ ತೆಗೀಬೇಡಿ.

ಈ ತಿಂಗಳು ಒಂದು ಕೆಲಸ ಮಾಡಿ. ನಿಮ್ಮ ಎಲ್ಲ ಹಳೆ 401(ಕೆ)ಗಳ ಪಟ್ಟಿ ಬರೆದು, ಪ್ರತಿಯೊಂದರ ಮುಂದೆ ಆ ಕಂಪನಿ ಬಿಟ್ಟಾಗಿನ ನಿಮ್ಮ ವಯಸ್ಸು ಹಾಕಿ. ರೋಲ್‌ಓವರ್ ಫಾರಂಗೆ ಸಹಿ ಹಾಕೋದು ಆ ಪಟ್ಟಿ ನೋಡಿದ ಮೇಲೆ.