ವಾರದ ಲೆಕ್ಕದ ಮಿಂಚಂಚೆ: ಅಬ್ಬಾಸಿಯಾದ ಒಂದು ಹೋಟೆಲು

ಕುವೈತಿನ ದಾಖಲೆಗಳಲ್ಲಿ ಜಲೀಬ್ ಅಲ್ ಶುಯೂಖ್ ಎಂದಿರುವ ಪ್ರದೇಶದ ಬಹುಭಾಗವನ್ನು ನಮ್ಮವರು ಅಬ್ಬಾಸಿಯಾ ಎಂದೇ ಕರೆಯುತ್ತಾರೆ. ವಿಮಾನ ನಿಲ್ದಾಣಕ್ಕೆ ಹತ್ತಿರ. ಇಲ್ಲಿ ಮಲಯಾಳಿಗಳು ಹೆಚ್ಚು. ಅವರ ನಡುವೆ ಕರಾವಳಿಯ ಕನ್ನಡಿಗರೂ ತುಳುವರೂ ಇದ್ದಾರೆ. ಇಂಥ ಕಡೆ ಎಂಟು ಮೇಜಿನ ಒಂದು ಮಂಗಳೂರು ಹೋಟೆಲ್ ಇದೆ ಎಂದು ಇಟ್ಟುಕೊಳ್ಳೋಣ. ಅದರ ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ನೋಡಿಕೊಳ್ಳುವ ಹುಡುಗಿ ವಾರಕ್ಕೊಮ್ಮೆ ಮಾಲೀಕರಿಗೆ ಒಂದು ಮಿಂಚಂಚೆ ಬರೆಯುತ್ತಾಳೆ. ಮಾಲೀಕರು ಅದನ್ನು ಓದುವುದು ಕೌಂಟರಿನಲ್ಲಿ ನಿಂತು, ಫೋನಿನಲ್ಲಿ, ಒಂದೆರಡು ನಿಮಿಷದಲ್ಲಿ. ಹೋಟೆಲೂ ಅಂಕಿಗಳೂ ಉದಾಹರಣೆಗಾಗಿ ಕಟ್ಟಿಕೊಂಡವು. ಲೆಕ್ಕದ ದಾರಿ ಮಾತ್ರ ಯಾವ ಹೋಟೆಲಿಗೂ ಇದೇ.

ಮೊದಲು ವಾರವನ್ನು ಎಲ್ಲಿ ಕತ್ತರಿಸಬೇಕು ಎಂದು ತೀರ್ಮಾನಿಸಬೇಕು. ಕುವೈತಿನಲ್ಲಿ 2007ರಿಂದ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಮನೆಮಂದಿಯೆಲ್ಲ ಹೊರಗೆ ಉಣ್ಣಲು ಬರುವುದು ಆ ಎರಡು ದಿನ. ಊರಿನ ರೂಢಿಯಂತೆ ಸೋಮವಾರದಿಂದ ಭಾನುವಾರದವರೆಗೆ ಲೆಕ್ಕ ಹಿಡಿದರೆ, ರಜೆ ಮುಗಿದ ಮೇಲಿನ ಮಂಕು ಭಾನುವಾರ ಹಿಂದಿನ ವಾರದ ಬಾಲವಾಗಿ ಸೇರಿಕೊಳ್ಳುತ್ತದೆ. ಭಾನುವಾರದಿಂದ ಶನಿವಾರ ರಾತ್ರಿಯವರೆಗಿನ ಏಳು ದಿನ ಇಲ್ಲಿಗೆ ಸರಿ. ಭಾನುವಾರ ಬೆಳಿಗ್ಗೆ ಅಂಕಿ ತೆಗೆದು ಆಗಲೇ ಮಿಂಚಂಚೆ ಕಳಿಸಿದರೆ, ಮುಂದಿನ ಶುಕ್ರವಾರಕ್ಕೆ ಏನಾದರೂ ಬದಲಿಸಲು ಮಾಲೀಕರಿಗೆ ಐದು ದಿನ ಸಿಗುತ್ತದೆ.

ಈಗ ನಮ್ಮ ವಾರಕ್ಕೆ ಬರೋಣ. ಸೋಮವಾರ ಕಾವಲಿಯ ಮೇಲೆ ನೀರುದೋಸೆ ಹೊಯ್ಯುವ ರೀಲ್ ಹಾಕಿದರು. ಶನಿವಾರದ ಹೊತ್ತಿಗೆ 41,300 ವ್ಯೂಸ್. ಗುರುವಾರ ಸಂಜೆ ಹಾಕಿದ್ದು ಸಾದಾ ಫೋಟೊ: ಶುಕ್ರವಾರದ ಕೋರಿರೊಟ್ಟಿ, ಬೆಲೆ, ವಾಟ್ಸ್‌ಆ್ಯಪ್ ನಂಬರು. ಅದು ತಲುಪಿದ್ದು 1,860 ಮಂದಿಗೆ. ಹೆಚ್ಚಿನ ವಾರದ ವರದಿಗಳು ಆ 41,300ನ್ನು ದಪ್ಪ ಅಕ್ಷರದಲ್ಲಿ ಮೇಲಿಟ್ಟು ಶುರುವಾಗುತ್ತವೆ. ಮಾಲೀಕರು ಹಿಗ್ಗುತ್ತಾರೆ, ಗಲ್ಲಾಪೆಟ್ಟಿಗೆ ಮಾತ್ರ ಇದ್ದ ಹಾಗೇ ಇರುತ್ತದೆ. ಮೂರು ವಾರ ಹೀಗಾದರೆ ಅವರು ವರದಿ ಓದುವುದನ್ನೇ ಬಿಡುತ್ತಾರೆ.

ವ್ಯೂಸ್ ಎಂದರೆ ರೀಲ್ ಎಷ್ಟು ಸಲ ಓಡಿತು ಎಂಬ ಲೆಕ್ಕ. ಒಬ್ಬರೇ ನಾಲ್ಕು ಸಲ ನೋಡಿದರೆ ಅದು ನಾಲ್ಕು. ರೀಚ್ ಎಂದರೆ ಎಷ್ಟು ಖಾತೆಗಳಿಗೆ ತಲುಪಿತು ಎಂಬುದು. ಇಲ್ಲೊಂದು ತಪ್ಪು ಪದೇ ಪದೇ ಆಗುತ್ತದೆ: ದಿನದಿನದ ರೀಚ್ ಕೂಡಿಸಿ ವಾರದ ರೀಚ್ ಎಂದು ಬರೆಯುವುದು. ಭಾನುವಾರ ನೋಡಿದವರೇ ಮಂಗಳವಾರವೂ ನೋಡಿರುತ್ತಾರೆ, ಕೂಡಿಸಿದಾಗ ಅವರು ಇಬ್ಬರಾಗುತ್ತಾರೆ. ವಾರದ ರೀಚನ್ನು ಏಳು ದಿನದ ಅವಧಿ ಆರಿಸಿ, ಒಂದೇ ಅಂಕಿಯಾಗಿ ತೆಗೆಯಬೇಕು.

ಇನ್ನು ನೋಡಿದವರು ಯಾವ ದೇಶದವರು ಎಂಬ ವಿವರ ತೆರೆದರೆ ಗುಟ್ಟು ತಿಳಿಯುತ್ತದೆ. ನೀರುದೋಸೆಯ ರೀಲ್ ನೋಡಿದವರಲ್ಲಿ ಕುವೈತಿನವರು 100ಕ್ಕೆ 6. ಉಳಿದವರಲ್ಲಿ ಹೆಚ್ಚಿನವರು ಮಂಗಳೂರು, ಉಡುಪಿ, ಮುಂಬಯಿಯಲ್ಲಿದ್ದಾರೆ. ಅವರು ಎಷ್ಟು ಪ್ರೀತಿಯಿಂದ ನೋಡಿದರೂ ಅಬ್ಬಾಸಿಯಾಕ್ಕೆ ಊಟಕ್ಕೆ ಬರುವಂತಿಲ್ಲ. ಕೋರಿರೊಟ್ಟಿಯ ಫೋಟೊ ನೋಡಿದವರಲ್ಲಿ ಕುವೈತಿನವರು 100ಕ್ಕೆ 71. ಪರಊರಿನ ಕನ್ನಡಿಗರ ಅಂಗಡಿಗಳಿಗೆಲ್ಲ ಈ ತೊಡಕು ಇದ್ದದ್ದೇ: ಊರಿನ ನೆನಪು ತರುವ ಚಿತ್ರವನ್ನು ಊರಿನವರೇ ಹೆಚ್ಚು ಹಂಚುತ್ತಾರೆ.

ಯಾರು ನೋಡಿ ಬಂದರು ಎಂದು ತಿಳಿಯಲು ಖರ್ಚಿಲ್ಲದ ಉಪಾಯವೊಂದಿದೆ. ವಾಟ್ಸ್‌ಆ್ಯಪಿನ ಕೊಂಡಿಯಲ್ಲೇ ಒಂದು ಪದವನ್ನು ಮೊದಲೇ ಬರೆದಿಡಬಹುದು.

```
https://wa.me/965XXXXXXXX?text=KORI
https://wa.me/965XXXXXXXX?text=KORI2
```

965 ಕುವೈತಿನ ಸಂಕೇತ, ಮುಂದಿನ ಎಂಟು X ಜಾಗದಲ್ಲಿ ಹೋಟೆಲಿನ ನಂಬರು. ಇನ್‌ಸ್ಟಾಗ್ರಾಮ್ ಪೋಸ್ಟಿನ ಕೆಳಗಿನ ಬರಹದಲ್ಲಿ ಕೊಂಡಿ ಹಾಕಿದರೆ ಅದು ಒತ್ತಿದರೂ ತೆರೆಯುವುದಿಲ್ಲ. ಹಾಗಾಗಿ ಮೊದಲನೆಯದನ್ನು ಪ್ರೊಫೈಲಿನಲ್ಲೂ ಸ್ಟೋರಿಯ ಲಿಂಕ್ ಸ್ಟಿಕರಿನಲ್ಲೂ ಇಟ್ಟರು, ಎರಡನೆಯದನ್ನು 10 ದಿನಾರಿನ ಜಾಹೀರಾತಿಗೆ ಕೊಟ್ಟರು. ಒತ್ತಿದವರ ಚಾಟ್ ಪೆಟ್ಟಿಗೆಯಲ್ಲಿ ಆ ಪದ ಸಿದ್ಧವಾಗಿರುತ್ತದೆ, ಕಳಿಸಿದರೆ ಸಾಕು. ಕೆಲವರು ಪದ ಅಳಿಸಿ ಬರೆಯುತ್ತಾರೆ, ನಂಬರು ಉಳಿಸಿಕೊಂಡವರು ನೇರ ಕೇಳುತ್ತಾರೆ. ಆದ್ದರಿಂದ ಸಿಗುವ ಲೆಕ್ಕ ನಿಜಕ್ಕಿಂತ ಕಡಿಮೆಯೇ ಇರುತ್ತದೆ. ಕುವೈತಿನಲ್ಲೇ 2004ರಲ್ಲಿ ಹುಟ್ಟಿದ ತಲಬಾತ್‌ನಂಥ ಆ್ಯಪಿನಿಂದ ಬರುವ ಆರ್ಡರಿನಲ್ಲಿ ಗಿರಾಕಿ ಯಾವ ಪೋಸ್ಟ್ ನೋಡಿ ಬಂದರೆಂಬ ಗುರುತು ಇರುವುದಿಲ್ಲ, ಅದನ್ನು ಈ ಲೆಕ್ಕದಲ್ಲಿ ಬೆರೆಸಬಾರದು.

ಆ ವಾರ ಎರಡೂ ಪದ ಸೇರಿ 34 ಮೆಸೇಜ್ ಬಂದವು. ಆರ್ಡರ್ ಆದದ್ದು 19. ಉಳಿದ 15 ಮಂದಿ ಏಕೆ ಕೊಳ್ಳಲಿಲ್ಲ? ಇದನ್ನು ಯಾವ ಗ್ರಾಫೂ ಹೇಳುವುದಿಲ್ಲ, ಚಾಟ್‌ಗಳನ್ನು ಒಂದೊಂದಾಗಿ ಕೂತು ಓದಬೇಕು. ನನ್ನ ಪ್ರಕಾರ ಈ ಕೆಲಸದಲ್ಲಿ ಅತ್ಯಂತ ಬೆಲೆಯುಳ್ಳ ಅರ್ಧ ಗಂಟೆ ಅದೇ. ಹುಡುಗಿ ಓದಿ ಬರೆದ ಮಿಂಚಂಚೆ ಹೀಗಿತ್ತು:

ವಿಷಯ: ಕಳೆದ ವಾರ ವಾಟ್ಸ್‌ಆ್ಯಪಿನಿಂದ 19 ಆರ್ಡರ್, 60.800 ದಿನಾರ್

ಅಣ್ಣ, ನಮಸ್ಕಾರ.

ಕೋರಿರೊಟ್ಟಿ ಪೋಸ್ಟ್ ನೋಡಿ 26 ಜನ ಕೇಳಿದರು, 16 ಆರ್ಡರ್ ಆಯಿತು. ಜಾಹೀರಾತಿನಿಂದ 8 ಜನ ಕೇಳಿದರು, ಆರ್ಡರ್ 3 ಮಾತ್ರ. ಅದಕ್ಕೆ ಹಾಕಿದ್ದು 10 ದಿನಾರ್, ಬಂದದ್ದು 9.600. ತಪ್ಪು ನನ್ನದು. ಜಾಗ ಆರಿಸುವಾಗ ಇಡೀ ಕುವೈತ್ ಬಿಟ್ಟಿದ್ದೆ. ಉಳಿದ ಐವರೂ ಸಾಲ್ಮಿಯಾ, ಮಂಗಾಫ್ ಕಡೆಯವರು, ಅಲ್ಲಿಗೆ ನಾವು ಕಳಿಸುವುದಿಲ್ಲ. ಪೋಸ್ಟ್ ನೋಡಿದವರಲ್ಲೂ ನಾಲ್ವರು ಅದಕ್ಕೇ ಬಿಟ್ಟರು. ಇನ್ನು ನಾಲ್ವರಿಗೆ ಶುಕ್ರವಾರ ಮಧ್ಯಾಹ್ನ ನಮ್ಮಿಂದ ಉತ್ತರ ಹೋಗುವಾಗ 40 ನಿಮಿಷ ದಾಟಿತ್ತು. ಇಬ್ಬರು ಬೆಲೆ ಕೇಳಿ ಸುಮ್ಮನಾದರು.

ನೀರುದೋಸೆ ರೀಲ್ 41,300 ಸಲ ಓಡಿದೆ. ಹೆಚ್ಚಿನವರು ಊರಿನವರು, ಕುವೈತಿನವರು 100ಕ್ಕೆ 6.

ಈ ವಾರ ಎರಡು ಕೇಳುತ್ತೇನೆ. ಜಾಹೀರಾತನ್ನು ನಮ್ಮ ಹೋಟೆಲಿನ ಸುತ್ತ 5 ಕಿಲೋಮೀಟರಿಗೆ ಇಳಿಸಿ ಇನ್ನೊಂದು ಸಲ 10 ದಿನಾರ್ ಹಾಕಲೇ? ಶುಕ್ರವಾರ 11ರಿಂದ 1ರವರೆಗೆ ಫೋನ್ ಒಬ್ಬರ ಕೈಯಲ್ಲೇ ಇರಬಹುದೇ?

ಬರಹ ಇಷ್ಟೇ. ಫಾಲೋವರ್ ಎಷ್ಟು ಹೆಚ್ಚಾದರು, ಲೈಕ್ ಎಷ್ಟು ಎಂಬುದನ್ನು ಅವಳು ಕೆಳಗೆ ಪುಟ್ಟ ಪಟ್ಟಿಯಲ್ಲಿಟ್ಟು, ಪ್ರತಿ ಅಂಕಿಯ ಪಕ್ಕ ಹಿಂದಿನ ನಾಲ್ಕು ವಾರದ ಸರಾಸರಿ ಬರೆದಿದ್ದಳು. ಅದಕ್ಕೆ ಕಾರಣವಿದೆ. ಇಷ್ಟು ಸಣ್ಣ ಹೋಟೆಲಿನಲ್ಲಿ ಒಂದು ವಾರ 14 ಆರ್ಡರ್, ಮುಂದಿನ ವಾರ 19 ಆದರೆ ಅದನ್ನು ಏರಿಕೆ ಎನ್ನುವಂತಿಲ್ಲ. ಒಂದು ಕುಟುಂಬದ ಹುಟ್ಟುಹಬ್ಬ ಸಾಕು ಆ ಅಂತರಕ್ಕೆ. ಸಂಬಳವಾದ ವಾರ, ರಂಜಾನ್ ತಿಂಗಳು, ಶಾಲೆಗಳ ಬೇಸಿಗೆ ರಜೆಯಲ್ಲಿ ಮನೆಮಂದಿ ಊರಿಗೆ ಹೋಗುವ ದಿನಗಳು ಇನ್ನೂ ದೊಡ್ಡ ಏರಿಳಿತ ತರುತ್ತವೆ. ರಂಜಾನಿನ ವಾರವನ್ನು ಅದರ ಹಿಂದಿನ ವಾರಕ್ಕೆ ಹೋಲಿಸಬಾರದು, ಕಳೆದ ವರ್ಷದ ರಂಜಾನಿಗೆ ಹೋಲಿಸಬೇಕು. ಜಾಹೀರಾತನ್ನು ಅವಳು ಪೂರ್ತಿ ನಿಲ್ಲಿಸದೆ ಜಾಗ ಮಾತ್ರ ಬದಲಿಸಿದ್ದೂ ಅದಕ್ಕೇ: ಎಂಟು ಮೆಸೇಜಿನಿಂದ ಜಾಹೀರಾತು ಕೆಟ್ಟದ್ದೆಂದು ತೀರ್ಮಾನಿಸಲಾಗದು, ಆದರೆ ಎಂಟರಲ್ಲಿ ಐವರು ಒಂದೇ ಕಾರಣ ಹೇಳಿದಾಗ ಆ ಕಾರಣವನ್ನು ನಂಬಬಹುದು.

ಮಾಲೀಕರ ಉತ್ತರ ಮಧ್ಯಾಹ್ನ ಬಂತು: "ಫೋನು ಕೌಂಟರಿನ ಹುಡುಗನ ಕೈಗೆ ಕೊಡ್ತೇನೆ. ಆದ್ರೆ ಶುಕ್ರವಾರ ಬೈಕು ಒಂದೇ ಉಂಟು ಮಾರಾಯ್ತಿ. ಅಬ್ಬಾಸಿಯಾ, ಹಸಾವಿ ಬಿಟ್ಟು ಆಚೆಗೆ ಬೇಡ." ಅವಳು ಜಾಹೀರಾತಿನ ಸುತ್ತಳತೆಯನ್ನು 5ರಿಂದ 2 ಕಿಲೋಮೀಟರಿಗೆ ಇಳಿಸಿ, ಗುರುವಾರದ ಪೋಸ್ಟಿನ ಮೊದಲ ಸಾಲಿನಲ್ಲೇ ಆ ಎರಡು ಜಾಗದ ಹೆಸರು ಬರೆದಳು.