ಬಿಡಿಭಾಗ ಇಲ್ಲೇ ಮಾಡುವುದೋ, ಹೊರಗೆ ಕೊಡುವುದೋ

ಒಂದು ಬಿಡಿಭಾಗವನ್ನು ಸ್ವಂತ ವರ್ಕ್‌ಶಾಪಿನಲ್ಲೇ ತಯಾರಿಸಬೇಕೋ, ಹೊರಗಿನವರಿಂದ ಕೊಳ್ಳಬೇಕೋ ಎಂದು ತೂಗುವಾಗ, ಆ ತೀರ್ಮಾನದಿಂದ ಏರುವ ಅಥವಾ ಇಳಿಯುವ ಖರ್ಚುಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಎರಡೂ ದಾರಿಯಲ್ಲಿ ಅಷ್ಟೇ ಕಟ್ಟಬೇಕಾದ ಹಣಕ್ಕೆ ಈ ಹೋಲಿಕೆಯಲ್ಲಿ ಜಾಗವಿಲ್ಲ. ನಿಯಮ ಸರಳ. ಆದರೆ ಕಾಸ್ಟ್ ಶೀಟು ಎಲ್ಲ ಖರ್ಚನ್ನೂ ಪೀಸಿಗೆ ಇಷ್ಟೆಂದು ಹಂಚಿ ಒಂದೇ ಸಾಲಿನಲ್ಲಿ ನಿಲ್ಲಿಸುವುದರಿಂದ, ಯಾವುದು ಬದಲಾಗುತ್ತದೆ, ಯಾವುದು ಇಲ್ಲ ಎಂಬುದು ಕಣ್ಣಿಗೆ ಬೀಳುವುದಿಲ್ಲ.

ಬೆಂಗಳೂರಿನ ಪೀಣ್ಯದಲ್ಲಿ ಪಂಪ್ ಜೋಡಿಸುವ ಸಣ್ಣ ವರ್ಕ್‌ಶಾಪೊಂದನ್ನು ಊಹಿಸಿಕೊಳ್ಳಬಹುದು. ಅದಕ್ಕೆ ಶಾಫ್ಟಿನ ಮೇಲೆ ಕೂರುವ ಉಕ್ಕಿನ ಸ್ಲೀವ್ ತಿಂಗಳಿಗೆ 1000 ಬೇಕು. ಕಾಸ್ಟ್ ಶೀಟಿನ ಪ್ರಕಾರ ಒಂದು ಸ್ಲೀವಿಗೆ ಉಕ್ಕು 90 ರೂಪಾಯಿ, ಆಪರೇಟರ್ ಸಂಬಳ 35, ಕರೆಂಟು 8, ಕಟಿಂಗ್ ಟೂಲ್ ಮತ್ತು ಕೂಲೆಂಟ್ 7, ಬಾಡಿಗೆ, ಯಂತ್ರದ ಸವಕಳಿ ಹಾಗೂ ಸೂಪರ್‌ವೈಸರ್ ಸಂಬಳದ ಪಾಲು 60, ಒಟ್ಟು 200. ಪಕ್ಕದ ರಸ್ತೆಯ ಜಾಬ್‌ವರ್ಕ್ ಶಾಪು ಉಕ್ಕನ್ನೂ ತಾನೇ ಹಾಕಿ 165 ರೂಪಾಯಿಗೆ ಮಾಡಿಕೊಡುತ್ತೇನೆ ಎನ್ನುತ್ತದೆ. ತಿಂಗಳಿಗೆ 35,000 ರೂಪಾಯಿ ಉಳಿತಾಯವಾದಂತೆ ಕಾಣುತ್ತದೆ.

ಪ್ರತಿ ಸಾಲಿನ ಮುಂದೆ ಒಂದೇ ಪ್ರಶ್ನೆ ಹಾಕಬೇಕು: ಮುಂದಿನ ತಿಂಗಳಿಂದ ಸ್ಲೀವ್ ಇಲ್ಲಿ ಮಾಡದಿದ್ದರೆ ಈ ಹಣ ಕೈಯಿಂದ ಹೋಗುವುದು ನಿಲ್ಲುತ್ತದೆಯೇ? ಉಕ್ಕು ನಿಲ್ಲುತ್ತದೆ, ಆ 90 ರೂಪಾಯಿ, ತುಂಡಾಗಿ ಬಿದ್ದ ಲೋಹ ಗುಜರಿಗೆ ಮಾರಿ ಬರುವ ಹಣವನ್ನು ಕಳೆದ ಮೇಲಿನದ್ದೆಂದು ಖಚಿತವಿರಬೇಕು. ಟೂಲ್ ಖರ್ಚೂ ನಿಲ್ಲುತ್ತದೆ. ಕರೆಂಟ್ ಬಿಲ್ಲಿನಲ್ಲಿ ಸ್ವಲ್ಪ ಎಚ್ಚರ ಬೇಕು. ಯೂನಿಟ್ ಲೆಕ್ಕದ ಶುಲ್ಕ ಇಳಿಯುತ್ತದೆ, ಮಂಜೂರಾದ ಲೋಡಿನ ಮೇಲೆ ಬೀಳುವ ನಿಗದಿತ ಶುಲ್ಕ ಲೋಡ್ ಇಳಿಸುವ ತನಕ ಹಾಗೇ ಬರುತ್ತದೆ. ಇಲ್ಲಿನ 8 ರೂಪಾಯಿ ಯೂನಿಟ್ ಶುಲ್ಕ ಮಾತ್ರ ಎಂದಿಟ್ಟುಕೊಂಡರೆ, ನಿಲ್ಲುವ ಖರ್ಚು 105 ರೂಪಾಯಿ. ಬಾಡಿಗೆ, ಸೂಪರ್‌ವೈಸರ್ ಸಂಬಳ ಮುಂದುವರಿಯುತ್ತವೆ. ಸವಕಳಿಯಂತೂ ಹಿಂದೆಯೇ ಕೊಟ್ಟ ಹಣದ ಹಂಚಿಕೆ. ಯಂತ್ರದ ಸಾಲದ ಕಂತು ಸ್ಲೀವ್ ಎಲ್ಲಿ ತಯಾರಾಗುತ್ತದೆಂದು ಕೇಳುವುದಿಲ್ಲ. ತಿಂಗಳ ಸಂಬಳದ ಆಪರೇಟರನ್ನು ಉಳಿಸಿಕೊಳ್ಳುವುದಾದರೆ ಅವನ 35 ರೂಪಾಯಿಯೂ ಲೆಕ್ಕದಿಂದ ಹೊರಗೆ. ಅದೇ ಹಣ ಓವರ್‌ಟೈಮ್ ಅಥವಾ ಪೀಸ್ ರೇಟ್ ಆಗಿದ್ದರೆ ಒಳಗೆ ಬರುತ್ತದೆ.

ಕೊಳ್ಳುವ ಬದಿಯಲ್ಲಿ ಹೊಸದಾಗಿ ಹುಟ್ಟುವ ಖರ್ಚುಗಳಿವೆ. ಸಾಗಣೆ, ರಂಧ್ರದ ಅಳತೆ ತಪ್ಪಿ ಜೋಡಣೆಯಲ್ಲಿ ತಿರಸ್ಕೃತವಾಗುವ ಪೀಸುಗಳು ಸೇರಿ 5 ರೂಪಾಯಿ ಎಂದರೆ ದರ 170 ಆಗುತ್ತದೆ. ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪೂರ್ತಿ ಪಡೆಯುವ ವರ್ಕ್‌ಶಾಪು ಅದನ್ನು ಸೇರಿಸಬೇಕಿಲ್ಲ. ಈಗ ಹೋಲಿಕೆ 105ಕ್ಕೂ 170ಕ್ಕೂ. ಹೊರಗೆ ಕೊಟ್ಟರೆ ತಿಂಗಳಿಗೆ 35,000 ಉಳಿಯುವ ಬದಲು 65,000 ರೂಪಾಯಿ ಹೆಚ್ಚು ಹೋಗುತ್ತದೆ. ಆಪರೇಟರ್ ಸಂಬಳ ನಿಂತೇಹೋಗುತ್ತದೆ ಎಂದರೂ 140ಕ್ಕೆ ಎದುರಾಗಿ 170. ಇಲ್ಲೇ ಮಾಡುವುದು ಆಗಲೂ ಅಗ್ಗ.

ಇಷ್ಟೂ ಯಂತ್ರಕ್ಕೆ ಬೇರೆ ಕೆಲಸವಿಲ್ಲದಿದ್ದರೆ ಮಾತ್ರ ನಿಜ. ಒಂದು ಸ್ಲೀವಿಗೆ 9 ನಿಮಿಷ ಹಿಡಿದರೆ ತಿಂಗಳಿಗೆ ಲೇತಿನ 150 ಗಂಟೆ ಇದಕ್ಕೇ ಮುಗಿಯುತ್ತದೆ. ಯಂತ್ರ ಬಿಡುವಿಲ್ಲದೆ ಓಡುತ್ತಿದ್ದು, ಬಂದ ಆರ್ಡರುಗಳನ್ನು ವಾಪಸ್ ಕಳಿಸಬೇಕಾಗಿದ್ದರೆ, ಕೈತಪ್ಪುವ ಗಳಿಕೆಯೂ ಇಲ್ಲೇ ಮಾಡುವುದರ ಖರ್ಚೇ. 65,000ವನ್ನು 150ರಿಂದ ಭಾಗಿಸಿದರೆ ಗಂಟೆಗೆ ಸುಮಾರು 433 ರೂಪಾಯಿ. ಬೇರೆ ಆರ್ಡರು, ಅದಕ್ಕೇ ತಗಲುವ ಖರ್ಚು ಕಳೆದು, ಗಂಟೆಗೆ ಇದಕ್ಕಿಂತ ಹೆಚ್ಚು ತರುವುದಾದರೆ ಸ್ಲೀವನ್ನು ಹೊರಗೆ ಕೊಡುವುದೇ ಲಾಭ. ಆ ಆರ್ಡರು ನಿಜವಾಗಿಯೂ ಕೈಯಲ್ಲಿರಬೇಕು. ಬಂದರೂ ಬರಬಹುದು ಎಂಬ ಆರ್ಡರಿನ ಮೇಲೆ ಈ ಲೆಕ್ಕ ನಿಲ್ಲದು.

ಒಂದೊಂದೇ ಭಾಗವನ್ನು ಬಿಡಿಯಾಗಿ ನೋಡುವುದರಲ್ಲೂ ಅಪಾಯವಿದೆ. ಸ್ಲೀವ್ ಒಂದನ್ನೇ ಕೈಬಿಟ್ಟರೆ ರಾತ್ರಿ ಪಾಳಿ ನಿಲ್ಲುವುದಿಲ್ಲ, ಬುಷ್ ಒಂದನ್ನೇ ಬಿಟ್ಟರೂ ನಿಲ್ಲುವುದಿಲ್ಲ; ನಾಲ್ಕೈದನ್ನು ಒಟ್ಟಿಗೆ ಬಿಟ್ಟರೆ ಪಾಳಿಯೇ ಬೇಡವಾಗಬಹುದು. ಹಾಗಾಗಿ ಒಂದೇ ಯಂತ್ರ, ಒಂದೇ ಪಾಳಿ ಹಂಚಿಕೊಂಡ ಭಾಗಗಳನ್ನು ಗುಂಪಾಗಿಯೂ ತೂಗಿ ನೋಡಬೇಕು.

ಕಾಲಾವಧಿ ಉದ್ದವಾದಂತೆ ಬದಲಾಗುವ ಖರ್ಚುಗಳೂ ಹೆಚ್ಚುತ್ತವೆ. ಲೇತನ್ನೇ ಮಾರಿಬಿಡುವ ಯೋಚನೆಯಿದ್ದರೆ, ಅದನ್ನು ಕೊಂಡ ಬೆಲೆ ಅಲ್ಲ, ಇಂದು ಮಾರಿದರೆ ಸಿಗುವ ಬೆಲೆ ಲೆಕ್ಕಕ್ಕೆ ಬರುತ್ತದೆ. ಲೇತು ಸವೆದು ಹೊಸದು ಕೊಳ್ಳಬೇಕಾದ ವರ್ಷದಲ್ಲಿ ಅದರ ಬೆಲೆ ಇನ್ನೂ ಕೈಬಿಟ್ಟುಹೋಗಿರುವುದಿಲ್ಲ. ಆಗ ಯಂತ್ರದ ಬೆಲೆಯೂ ತಪ್ಪಿಸಬಹುದಾದ ಖರ್ಚೇ ಆಗಿ 105ರ ಜೊತೆ ಸೇರುತ್ತದೆ, ಹಿಂದಿನ ವರ್ಷ ಬೇಡವೆನಿಸಿದ್ದ 165ರ ಕೊಟೇಶನ್ನನ್ನು ಮತ್ತೆ ತೆಗೆದು ನೋಡಬೇಕಾಗುತ್ತದೆ.