ಬದುಕಿರುವಾಗಲೇ ಬಿಟ್ಟುಕೊಡುವ ಆಸ್ತಿ

‘ಮಕ್ಕಳ ಹೆಸರಿಗೆ ಒಂದು ವಿಲ್ ಬರೆದಿಟ್ಟರೆ ಮುಗಿಯಿತು, ಟ್ರಸ್ಟು ಗಿಸ್ಟು ಎಲ್ಲ ಸಾಹುಕಾರರ ಗೊಡವೆ’ ಎನ್ನುವವರೇ ಹೆಚ್ಚು. ಬಹುಪಾಲು ಮನೆಗಳ ಮಟ್ಟಿಗೆ ಈ ಮಾತು ತಪ್ಪೂ ಅಲ್ಲ. ಮಕ್ಕಳು ಬೆಳೆದು ತಮ್ಮ ಕಾಲ ಮೇಲೆ ನಿಂತಿದ್ದರೆ, ಯಾರಿಗೆ ಯಾವುದು ಎಂಬುದಷ್ಟೇ ತೀರ್ಮಾನವಾಗಬೇಕಿದ್ದರೆ, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿದ ಎರಡು ಪುಟದ ವಿಲ್ ಸಾಕು. ಆಸ್ತಿ ಕೈಗೆ ಬಂದರೂ ಅದನ್ನು ನಿಭಾಯಿಸಲಾರದ ಮಕ್ಕಳಿರುವ ಮನೆಯಲ್ಲಿ ಮಾತ್ರ ಲೆಕ್ಕ ಬದಲಾಗುತ್ತದೆ.

ಅಂಥದೊಂದು ಮನೆಯನ್ನು ಊಹಿಸಿಕೊಳ್ಳೋಣ. ಹುಬ್ಬಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುವ 48 ವರ್ಷದ ಗೃಹಸ್ಥ. ಮಗಳಿಗೆ 11, ಮಗನಿಗೆ 8. ಮಗನಿಗೆ ಬೌದ್ಧಿಕ ಅಂಗವೈಕಲ್ಯವಿದೆ. ದೊಡ್ಡವನಾದ ಮೇಲೂ ಹಣಕಾಸಿನ ವ್ಯವಹಾರ ಅವನಿಂದಾಗದು. ವಾಸದ ಮನೆಯಲ್ಲದೆ ಮೂರು ಬಾಡಿಗೆ ಮನೆಗಳ ಒಂದು ಕಟ್ಟಡವಿದೆ. ಬೆಲೆ ಸುಮಾರು 90 ಲಕ್ಷ, ತಿಂಗಳ ಬಾಡಿಗೆ ಒಟ್ಟು 30,000 ರೂಪಾಯಿ. ಎಲ್ಲವೂ ಸ್ವಂತ ದುಡಿಮೆಯದು.

ಆತ ಕಟ್ಟಡವನ್ನು ಇಬ್ಬರು ಮಕ್ಕಳಿಗೂ ಸಮಪಾಲಾಗಿ ವಿಲ್ ಬರೆದು, ಎರಡು ವರ್ಷಕ್ಕೆ ತೀರಿಕೊಂಡ ಎಂದಿಟ್ಟುಕೊಳ್ಳಿ. ಕಟ್ಟಡ ಅಂದಿನಿಂದಲೇ ಮಕ್ಕಳದು, ತಾಯಿ ಅವರ ಪಾಲಕಿ. ಮುಂದೆ ಮಗನ ಚಿಕಿತ್ಸೆಗೆಂದು ಒಂದು ಭಾಗ ಮಾರಬೇಕಾದರೆ ಆಕೆಯ ಸಹಿಯೊಂದೇ ಸಾಲದು. ಅಪ್ರಾಪ್ತರ ಸ್ಥಿರಾಸ್ತಿ ಮಾರಲು ಸ್ವಾಭಾವಿಕ ಪಾಲಕರು ಮೊದಲೇ ನ್ಯಾಯಾಲಯದ ಅನುಮತಿ ಪಡೆಯಬೇಕು ಎನ್ನುತ್ತದೆ 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ. ಇನ್ನು ಮಗಳಿಗೆ 18 ತುಂಬಿದ ದಿನ ಅವಳ ಅರ್ಧ ಪಾಲು ಪೂರ್ತಿಯಾಗಿ ಅವಳ ಕೈಗೆ ಬರುತ್ತದೆ. ಪಿಯುಸಿ ಮುಗಿಸಿದ ಹುಡುಗಿಯ ಹೆಸರಲ್ಲಿ 45 ಲಕ್ಷದ ಆಸ್ತಿ. ಯಾರು ಬಂದು ಯಾವ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೋ ಹೇಳಲಾಗದು. ಮಗನದು ಇನ್ನೂ ಕಠಿಣ. 18 ಆದೊಡನೆ ಕಾನೂನಿನ ಕಣ್ಣಲ್ಲಿ ಅವನೂ ವಯಸ್ಕ, ತಾಯಿಯ ಪಾಲಕತ್ವ ತಾನಾಗಿಯೇ ಕೊನೆಗೊಳ್ಳುತ್ತದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಮತ್ತೆ ಪಾಲಕರನ್ನು ನೇಮಿಸಿಕೊಳ್ಳಬೇಕು. ಆಸ್ತಿ ಯಾರಿಗೆ ಸೇರಬೇಕು ಎಂಬುದನ್ನು ಆ ವಿಲ್ ಸರಿಯಾಗಿಯೇ ಹೇಳಿತ್ತು. ಯಾವಾಗ, ಯಾರ ಕೈಯಿಂದ, ಯಾವ ಖರ್ಚಿಗೆ ಎಂಬುದನ್ನು ಹೇಳಿರಲಿಲ್ಲ.

ಟ್ರಸ್ಟ್ ಇರುವುದೇ ಆ ಮೂರು ಪ್ರಶ್ನೆಗಳಿಗೆ. 1882ರ ಭಾರತೀಯ ನ್ಯಾಸ ಕಾಯ್ದೆ ಇಂದಿಗೂ ಇದರ ಆಧಾರ. ಆಸ್ತಿ ಕೊಡುವವನು, ಅದನ್ನು ವಹಿಸಿಕೊಳ್ಳುವ ಟ್ರಸ್ಟಿಗಳು, ಅದರ ಫಲ ಉಣ್ಣುವ ಫಲಾನುಭವಿಗಳು ಎಂದು ಇಲ್ಲಿ ಮೂರು ಪಾತ್ರಗಳು. ದಾಖಲೆಯಲ್ಲಿ ಆಸ್ತಿ ಟ್ರಸ್ಟಿಗಳ ಹೆಸರಲ್ಲಿರುತ್ತದೆ, ಆದರೆ ಅದರಿಂದ ಸ್ವಂತಕ್ಕೆ ಲಾಭ ಮಾಡಿಕೊಳ್ಳುವ ಹಕ್ಕು ಅವರಿಗಿಲ್ಲ. ಪತ್ರದಲ್ಲಿ ಬರೆಯದಿದ್ದರೆ ಮಾಡಿದ ಕೆಲಸಕ್ಕೆ ಸಂಭಾವನೆಯನ್ನೂ ಅವರು ಕೇಳುವಂತಿಲ್ಲ. ನಮ್ಮ ಗೃಹಸ್ಥ ತಾನು, ಹೆಂಡತಿ ಮತ್ತು ಮಕ್ಕಳ ಸೋದರಮಾವ ಹೀಗೆ ಮೂವರನ್ನು ಟ್ರಸ್ಟಿಗಳನ್ನಾಗಿ ಮಾಡಬಹುದು. ಬಾಡಿಗೆಯಲ್ಲಿ ಮೊದಲು ಕಂದಾಯ, ರಿಪೇರಿ, ಆಮೇಲೆ ಮಕ್ಕಳ ಓದು ಮತ್ತು ಔಷಧಿ. ಮಗಳಿಗೆ 25 ತುಂಬಿದಾಗ ಅವಳ ಪಾಲು ಅವಳಿಗೆ. ಮಗನ ಪಾಲು ಅವನ ಜೀವಮಾನವಿಡೀ ಟ್ರಸ್ಟಿಗಳ ಕೈಯಲ್ಲೇ. ಆತ ಹೋದ ಮರುದಿನವೂ ಬಾಡಿಗೆ ಅದೇ ಖಾತೆಗೆ ಬರುತ್ತದೆ, ಶಾಲೆಯ ಫೀಸು ಅದೇ ಖಾತೆಯಿಂದ ಹೋಗುತ್ತದೆ.

ಇಷ್ಟೆಲ್ಲ ಅನುಕೂಲಕ್ಕೆ ತೆರಬೇಕಾದ ಬೆಲೆ ದೊಡ್ಡದು, ಅದನ್ನು ಹೆಚ್ಚಿನವರು ಕೊನೆಯವರೆಗೂ ಗಮನಿಸುವುದಿಲ್ಲ. ವಿಲ್ ಎಂಬುದು ಸಾಯುವವರೆಗೂ ಬರೀ ಕಾಗದ. ಬರೆದವನು ಬೇಕೆಂದಾಗ ಹರಿದು ಹಾಕಬಹುದು, ಬದಲಿಸಬಹುದು, ಅದರಲ್ಲಿ ಬರೆದ ಆಸ್ತಿಯನ್ನೇ ಮಾರಿ ತಿನ್ನಬಹುದು. ಟ್ರಸ್ಟ್ ಹಾಗಲ್ಲ, ಕಟ್ಟಡ ಇವತ್ತೇ ಆತನ ಸ್ವತ್ತಿನಿಂದ ಹೊರಹೋಗುತ್ತದೆ. ರದ್ದುಪಡಿಸುವ ಅಧಿಕಾರವನ್ನು ಪತ್ರದಲ್ಲೇ ಉಳಿಸಿಕೊಂಡಿರದಿದ್ದರೆ ವಾಪಸು ಪಡೆಯಲು ಫಲಾನುಭವಿಗಳೆಲ್ಲರ ಒಪ್ಪಿಗೆ ಬೇಕು. ಅಪ್ರಾಪ್ತ ಮಕ್ಕಳು ಒಪ್ಪಿಗೆ ಕೊಡುವಂತಿಲ್ಲವಾದ್ದರಿಂದ ಆ ಬಾಗಿಲು ಮುಚ್ಚಿದಂತೆಯೇ. ಹಾಗಾದರೆ ಆ ಅಧಿಕಾರ ಉಳಿಸಿಕೊಂಡೇ ಬಿಡೋಣ ಎನ್ನಿಸಬಹುದು. ಆಗ ಆದಾಯ ತೆರಿಗೆಯವರು ಬಾಡಿಗೆಯನ್ನೆಲ್ಲ ಆತನ ಆದಾಯವೆಂದೇ ಎಣಿಸುತ್ತಾರೆ, ಅಂಗಡಿಯ ಸಾಲಗಾರರಿಗೂ ಆ ಕಟ್ಟಡ ಆತನದೇ ಎಂದು ವಾದಿಸಲು ದಾರಿಯಾಗುತ್ತದೆ.

ಸಾಲಗಾರರ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಅಂಗಡಿ ಮುಳುಗುವ ಸೂಚನೆ ಕಂಡ ಮೇಲೆ ಅವಸರದಲ್ಲಿ ಮಾಡಿದ ಟ್ರಸ್ಟ್ ಯಾರನ್ನೂ ಕಾಯುವುದಿಲ್ಲ. ಸಾಲಗಾರರಿಗೆ ಸಿಗದಂತೆ ಮಾಡಲೆಂದೇ ಆಸ್ತಿ ವರ್ಗಾಯಿಸಿದ್ದರೆ ಅದನ್ನು ಅಸಿಂಧುಗೊಳಿಸಲು ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಸೆಕ್ಷನ್ ಅವಕಾಶ ಕೊಡುತ್ತದೆ. ವ್ಯಾಪಾರ ನೆಟ್ಟಗೆ ನಡೆಯುತ್ತಿರುವಾಗ, ಸಾಲ ತೀರಿಸಲು ಬೇರೆ ಸ್ವತ್ತು ಧಾರಾಳವಾಗಿ ಇರುವಾಗ ಮಾಡಿದ ಟ್ರಸ್ಟಿಗೆ ಇರುವ ಬಲವೇ ಬೇರೆ.

ಸಬ್ ರಿಜಿಸ್ಟ್ರಾರ್ ಕಚೇರಿಯ ಖರ್ಚಿನಲ್ಲೂ ಎರಡಕ್ಕೂ ಅಜಗಜಾಂತರ. ವಿಲ್‌ಗೆ ಮುದ್ರಾಂಕ ಶುಲ್ಕವಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಮಾಡಿಸಿದರೆ ಒಳ್ಳೆಯದು ಅಷ್ಟೆ. ಬದುಕಿರುವಾಗ ಸ್ಥಿರಾಸ್ತಿಯ ಟ್ರಸ್ಟ್ ಮಾಡಿದರೆ ಪತ್ರ ನೋಂದಣಿಯಾಗಲೇಬೇಕು. ಗಂಡ, ಹೆಂಡತಿ, ಮಕ್ಕಳ ನಡುವಿನ ದಾನಪತ್ರಕ್ಕೆ ಕರ್ನಾಟಕದಲ್ಲಿ ಅಲ್ಪ ಮೊತ್ತದ ನಿಗದಿತ ಶುಲ್ಕವಿದೆ. ಟ್ರಸ್ಟಿಗೂ ಅದೇ ರಿಯಾಯಿತಿ ಸಿಗುತ್ತದೆ ಎಂದುಕೊಂಡು ಹೋದವರು ಅಲ್ಲಿ ಬೆಚ್ಚಿಬೀಳುವುದುಂಟು, ಏಕೆಂದರೆ ಆಸ್ತಿ ಪಡೆಯುತ್ತಿರುವವರು ಮಕ್ಕಳಲ್ಲ, ಟ್ರಸ್ಟಿಗಳು. ಒಂದು ವೇಳೆ ಕ್ರಯಪತ್ರದ ದರವನ್ನೇ ಹಚ್ಚಿದರೆ 90 ಲಕ್ಷದ ಕಟ್ಟಡಕ್ಕೆ ಶೇಕಡಾ 5ರಂತೆ ನಾಲ್ಕೂವರೆ ಲಕ್ಷ ರೂಪಾಯಿ. ಸೆಸ್ಸು, ನೋಂದಣಿ ಶುಲ್ಕ ಬೇರೆ. ಕರಡು ಪತ್ರವನ್ನು ಮೊದಲೇ ತೋರಿಸಿ, ಎಷ್ಟು ಶುಲ್ಕವಾಗುತ್ತದೆಂದು ಖಚಿತಪಡಿಸಿಕೊಂಡ ಮೇಲೆಯೇ ಮುಂದಿನ ಹೆಜ್ಜೆ ಇಡಬೇಕು.

ತೆರಿಗೆಯ ಲೆಕ್ಕ ನಿಂತಿರುವುದು ಪತ್ರದ ಒಂದು ಸಾಲಿನ ಮೇಲೆ. ‘ಇಬ್ಬರಿಗೂ ಸಮಪಾಲು’ ಎಂದು ಪಾಲು ನಿಗದಿಯಾಗಿದ್ದರೆ ವರ್ಷದ 3,60,000 ರೂಪಾಯಿ ಬಾಡಿಗೆಯಲ್ಲಿ ಒಬ್ಬೊಬ್ಬರ ಪಾಲು 1,80,000. ಮಗಳ ಪಾಲು ಅವಳು ಅಪ್ರಾಪ್ತೆಯಾಗಿರುವವರೆಗೆ ತಂದೆತಾಯಿಯರಲ್ಲಿ ಹೆಚ್ಚು ಆದಾಯವಿರುವವರ ಲೆಕ್ಕಕ್ಕೆ ಸೇರುತ್ತದೆ. ಅಂಗವೈಕಲ್ಯದ ಪ್ರಮಾಣಪತ್ರವಿರುವ ಮಗನ ಪಾಲನ್ನು ಹಾಗೆ ಸೇರಿಸುವುದಿಲ್ಲ, ಅವನದಾಗಿಯೇ ಉಳಿಯುತ್ತದೆ. ಯಾರಿಗೆ ಎಷ್ಟೆಂಬುದನ್ನು ಟ್ರಸ್ಟಿಗಳ ವಿವೇಚನೆಗೆ ಬಿಟ್ಟರೆ ಮಾತ್ರ ಸಾಮಾನ್ಯವಾಗಿ ಮೊದಲ ರೂಪಾಯಿಯಿಂದಲೇ ಅತಿ ಹೆಚ್ಚಿನ ದರದ ತೆರಿಗೆ. ಇದಕ್ಕೆ ಕೆಲವು ವಿನಾಯಿತಿಗಳಿವೆ. ವಿಲ್ ಮೂಲಕ ಮಾಡಿದ, ಆ ವ್ಯಕ್ತಿ ಹಾಗೆ ಮಾಡಿದ ಒಂದೇ ಒಂದು ಟ್ರಸ್ಟ್ ಆಗಿದ್ದರೆ ಸಿಗುವ ವಿನಾಯಿತಿ ಅವುಗಳಲ್ಲೊಂದು.

ಹೌದು, ವಿಲ್ ಮೂಲಕವೂ ಟ್ರಸ್ಟ್ ಮಾಡಬಹುದು. ಈ ನಡುದಾರಿ ನಮ್ಮಲ್ಲಿ ಅಷ್ಟಾಗಿ ಬಳಕೆಗೆ ಬಂದಿಲ್ಲ, ಬರಬೇಕು ಎಂಬುದು ನನ್ನ ಅನಿಸಿಕೆ. ‘ನನ್ನ ನಂತರ ಈ ಕಟ್ಟಡ ಇಂಥ ಟ್ರಸ್ಟಿಗಳಿಗೆ ಸೇರತಕ್ಕದ್ದು, ಅವರು ಅದನ್ನು ನನ್ನ ಮಕ್ಕಳಿಗಾಗಿ ಹೀಗೆ ನಡೆಸತಕ್ಕದ್ದು’ ಎಂದು ವಿಲ್‌ನಲ್ಲೇ ಬರೆದರೆ ಇವತ್ತು ಆಸ್ತಿ ಬಿಟ್ಟುಕೊಡಬೇಕಿಲ್ಲ, ಮುದ್ರಾಂಕ ಶುಲ್ಕವಿಲ್ಲ, ಮನಸ್ಸು ಬದಲಾದರೆ ತಿದ್ದಲೂಬಹುದು. ಆದರೆ ವಿಲ್‌ಗಿರುವ ದೌರ್ಬಲ್ಯಗಳೆಲ್ಲ ಇದಕ್ಕೂ ಉಂಟು. ಬರೆದಾತ ಪಾರ್ಶ್ವವಾಯು ಬಡಿದು ವರ್ಷಗಟ್ಟಲೆ ಹಾಸಿಗೆ ಹಿಡಿದರೆ ಆ ಕಾಲದಲ್ಲಿ ಅದು ಯಾವ ಉಪಯೋಗಕ್ಕೂ ಬರದು. ಸತ್ತ ಮೇಲೆ ಅಣ್ಣತಮ್ಮಂದಿರು ತಕರಾರು ತೆಗೆದರೆ, ಸಾಕ್ಷಿ ಹಾಕಿದವರಲ್ಲಿ ಒಬ್ಬರಾದರೂ ಬದುಕಿದ್ದರೆ ಅವರನ್ನು ನ್ಯಾಯಾಲಯಕ್ಕೆ ಕರೆಸಿ ಹೇಳಿಕೆ ಕೊಡಿಸಬೇಕು.

ಪಿತ್ರಾರ್ಜಿತದ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ಭೇದವಿದೆ. ಈ ಕಟ್ಟಡ ಅಜ್ಜನ ಕಾಲದಿಂದ ಬಂದ, ಪಾಲಾಗದ ಅವಿಭಕ್ತ ಕುಟುಂಬದ ಆಸ್ತಿಯಾಗಿದ್ದರೆ ಅದರಲ್ಲಿರುವ ತನ್ನ ಪಾಲನ್ನು ಆತ ವಿಲ್ ಮೂಲಕ ಬರೆದಿಡಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆ ಅದನ್ನು ಒಪ್ಪುತ್ತದೆ. ಅದೇ ಪಾಲನ್ನು ಬದುಕಿರುವಾಗ ಉಳಿದ ಪಾಲುದಾರರ ಒಪ್ಪಿಗೆಯಿಲ್ಲದೆ ದಾನವಾಗಿ ಕೊಡುವಂತಿಲ್ಲ. ಟ್ರಸ್ಟಿಗೆ ಕೊಡುವುದೂ ದಾನದಂತೆಯೇ. 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳೂ ಪಾಲುದಾರರು, ಅವರ ಒಪ್ಪಿಗೆಯೂ ಬೇಕು. ಹೀಗಾಗಿ ಟ್ರಸ್ಟಿನ ಮಾತಿಗೆ ಮೊದಲು ಮೂಲಪತ್ರಗಳನ್ನು ತೆಗೆದು ನೋಡುವುದು ವಕೀಲರ ವಾಡಿಕೆ.

ಟ್ರಸ್ಟ್ ಕೆಡುವುದು ಬಹುಮಟ್ಟಿಗೆ ನೋಂದಣಿಯಾದ ಮೇಲೆ. ಪತ್ರ ಬೀರುವಿಗೆ ಹೋಗುತ್ತದೆ, ಕಟ್ಟಡದ ಖಾತೆ ಮಾತ್ರ ಹಳೆಯ ಹೆಸರಲ್ಲೇ ಉಳಿಯುತ್ತದೆ. ಬಾಡಿಗೆದಾರರು ಹಣವನ್ನು ಯಥಾಪ್ರಕಾರ ಯಜಮಾನರ ಸ್ವಂತ ಖಾತೆಗೆ ಹಾಕುತ್ತಾರೆ, ಅದು ಅಂಗಡಿಯ ಮಾಲಿಗೆ ಖರ್ಚಾಗುತ್ತದೆ. ನಾಳೆ ಯಾರಾದರೂ ಇದು ಬರೀ ತೋರಿಕೆಯ ಟ್ರಸ್ಟ್ ಎಂದು ಪ್ರಶ್ನಿಸಿದರೆ ಉತ್ತರಿಸಲು ಏನೂ ಇರುವುದಿಲ್ಲ. ಪಾಲಿಕೆಯಲ್ಲಿ ಖಾತೆ ಬದಲಾಗಬೇಕು, ಟ್ರಸ್ಟಿಗೆ ಬೇರೆ ಪಾನ್ ಮತ್ತು ಬ್ಯಾಂಕ್ ಖಾತೆ ಬೇಕು, ಬಾಡಿಗೆ ಕರಾರು ಟ್ರಸ್ಟಿಗಳ ಹೆಸರಲ್ಲಿ ಆಗಬೇಕು, ವರ್ಷವರ್ಷ ಲೆಕ್ಕ ಬರೆಯಬೇಕು. ಕಟ್ಟಡದ ಮೇಲೆ ಬ್ಯಾಂಕ್ ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಮೊದಲೇ ಪಡೆದಿರಬೇಕು.

ಪತ್ರದಲ್ಲಿ ಎರಡು ಕಡೆ ಎಡವುವವರು ಹೆಚ್ಚು. ಬೇರೆ ರೀತಿ ಬರೆದಿರದಿದ್ದರೆ ಟ್ರಸ್ಟಿಗಳೆಲ್ಲರೂ ಕೂಡಿಯೇ ನಡೆಯಬೇಕೆಂಬುದು ಕಾಯ್ದೆಯ ನಿಯಮ. ಸೋದರಮಾವ ಮುನಿಸಿಕೊಂಡರೆ ಒಂದು ಚೆಕ್ಕೂ ಹೊರಡದು. ಬಹುಮತ ಸಾಕು ಎಂದು ಬರೆಯಬೇಕು. ಒಬ್ಬರು ತೀರಿಕೊಂಡರೆ ಅಥವಾ ಬಿಟ್ಟುಹೋದರೆ ಆ ಜಾಗಕ್ಕೆ ಯಾರು, ಅವರನ್ನು ನೇಮಿಸುವವರು ಯಾರು ಎಂಬುದನ್ನೂ ಬರೆಯಬೇಕು. ನಮ್ಮ ದಂಪತಿ ಇಬ್ಬರೂ ಹೋದ ಮೇಲೆ ಮಗ ಇನ್ನೂ ಮೂವತ್ತು ವರ್ಷ ಬದುಕಬಹುದಲ್ಲ. ಬಂಧುಗಳಲ್ಲದ, ಲೆಕ್ಕ ಬಲ್ಲ ಒಬ್ಬರನ್ನು ಸಂಭಾವನೆ ಗೊತ್ತುಮಾಡಿ ಸೇರಿಸಿಕೊಳ್ಳುವುದು ಇಂಥ ಮನೆಗಳಿಗೆ ಒಳ್ಳೆಯದು.

ಇನ್ನೊಂದು ಕಲಮನ್ನು ಬರೆಯುವಾಗ ತಂದೆತಾಯಿಗೆ ಕೈ ನಡುಗುತ್ತದೆ, ಆದರೂ ಬಿಡುವಂತಿಲ್ಲ: ಮಗನ ಕಾಲಾನಂತರ ಅವನ ಪಾಲು ಯಾರಿಗೆ? ಅವನಿಗೆ ವಿಲ್ ಬರೆಯಲು ಬರದು. ಖಾಸಗಿ ಟ್ರಸ್ಟನ್ನು ತಲೆತಲಾಂತರಕ್ಕೆ ಎಳೆಯಲೂ ಕಾನೂನು ಬಿಡುವುದಿಲ್ಲ. ನಮ್ಮ ದಂಪತಿ ಅದು ಮಗಳಿಗೆ, ಅವಳಿಲ್ಲದಿದ್ದರೆ ಅವಳ ಮಕ್ಕಳಿಗೆ ಎಂದು ಬರೆಸಿದರು. ವಾಸದ ಮನೆಯನ್ನು ಟ್ರಸ್ಟಿನ ಹೊರಗಿಟ್ಟು, ಅದಕ್ಕೂ ಬ್ಯಾಂಕಿನ ಠೇವಣಿಗಳಿಗೂ ಅಂಗಡಿಗೂ ಒಬ್ಬೊಬ್ಬರೂ ಒಂದೊಂದು ಪ್ರತ್ಯೇಕ ವಿಲ್ ಬರೆದರು.